ಕೆಮಿಕಲ್ ಬೇಡ, ಕಲರ್ ಬೇಕು

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಯ ಕೃತಕ ಬಣ್ಣದ ಮೇಲೆ ಕೈಯಿಟ್ಟಾಗ ನಮ್ಮ ಅಪಾರ್ಟ್‌ಮೆಂಟಿನ ಮಂದಿ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಅವೆಲ್ಲ ಬೀದಿಬದಿಯ ತಿಂಡಿ, ತಿನ್ನುವವರು ತಿನ್ನಲಿ ಎಂದುಕೊಂಡರು. ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿ, 12ರಲ್ಲಿ ಬಣ್ಣ ಅತಿಯಾಗಿದೆ ಎಂದಿತು. ರೆಡ್ ವೆಲ್ವೆಟ್ ಹೆಸರೂ ಅದರಲ್ಲಿತ್ತು. ಅಂದಿನಿಂದ ಹುಟ್ಟುಹಬ್ಬಗಳೆಲ್ಲ ನಿಸರ್ಗದ ಕಡೆ ಹೊರಳಿವೆ.

ಮನೆಯಲ್ಲೇ ಕೇಕ್ ಮಾಡಿ ಮಾರುವ ಒಬ್ಬರು ನನಗೆ ಪರಿಚಯ. ಅವರಿಗೆ ಈಚೆಗೆ ಬಂದ ಆರ್ಡರ್ ನೋಡಿ: ಕಲ್ಲಂಗಡಿ ಆಕಾರದ ಕೇಕ್, ಹೊರಗೆ ಹಸಿರು, ಒಳಗೆ ಗುಲಾಬಿ. "ಮೇಡಂ, ಕೆಮಿಕಲ್ ಒಂಚೂರೂ ಬೇಡ. ಆದ್ರೆ ಈ ಫೋಟೋದಲ್ಲಿರೋ ಪಿಂಕೇ ಬರ್ಬೇಕು." ಫೋಟೋದಲ್ಲಿದ್ದದ್ದು ಪ್ಲಾಸ್ಟಿಕ್ ಬೊಂಬೆಯ ಪಿಂಕ್. ಅಂಥ ಪಿಂಕನ್ನು ನೆಲದಡಿ ಬೆಳೆಯುವ ಯಾವ ಗೆಡ್ಡೆಯೂ ಇದುವರೆಗೆ ಕೊಟ್ಟಿಲ್ಲ. ಜೊತೆಗೆ ಇನ್ನೊಂದು ಷರತ್ತು: "ಲೇಬಲ್ ಮೇಲೆ ಇ ನಂಬರ್ ಇರೋ ಯಾವ ಬಣ್ಣವೂ ಬೇಡ." ಯುರೋಪಿನ ಪಟ್ಟಿಯಲ್ಲಿ ಇ-162 ಎಂದರೆ ಬೀಟ್‌ರೂಟೇ ಎಂದು ಆರ್ಡರ್ ಕೊಟ್ಟಾಕೆಗೆ ಯಾರು ಹೇಳಬೇಕು?

ಬೀಟ್‌ರೂಟ್ ಎಂದೊಡನೆ ಹೊಸಬರು ಮಾಡುವುದು ಒಂದೇ ಕೆಲಸ: ತುರಿದು, ಹಿಂಡಿ, ರಸವನ್ನು ಬಟರ್‌ಕ್ರೀಮಿಗೆ ಸುರಿಯುವುದು. ಬಣ್ಣ ಕರಗಿರುವುದು ನೀರಿನಲ್ಲಿ, ಬಟರ್‌ಕ್ರೀಮ್ ಬಹುಪಾಲು ಕೊಬ್ಬು. ನಾಲ್ಕು ಚಮಚ ರಸ ಬೀಳುವಷ್ಟರಲ್ಲಿ ಐಸಿಂಗ್ ಒಡೆದು ಕಾಳುಕಾಳಾಗುತ್ತದೆ. ಬಣ್ಣ ಮಾತ್ರ ಇನ್ನೂ ತಿಳಿ ಗುಲಾಬಿಯಲ್ಲೇ ಇರುತ್ತದೆ. ರಸವನ್ನು ಕುದಿಸಿ ಗಟ್ಟಿ ಮಾಡೋಣವೆಂದರೆ ಬೀಟ್‌ರೂಟಿನ ಬೆಟಾನಿನ್ ಎಂಬ ಬಣ್ಣದ ಅಂಶ ಕಾವಿಗೆ ಹೆದರುತ್ತದೆ. ಉರಿ ಜೋರಾದರೆ ಕಂದಾಗಿ ಕೂರುತ್ತದೆ.

ನಮ್ಮ ಬೇಕರ್ ಅದಕ್ಕೇ ಪುಡಿಯ ದಾರಿ ಹಿಡಿದವರು. ಸಿಪ್ಪೆ ತೆಗೆದ ಬೀಟ್‌ರೂಟನ್ನು ತೆಳುವಾಗಿ ಹೆಚ್ಚಿ, ಓವನ್ನಿನಲ್ಲಿ 60 ಡಿಗ್ರಿ ಆಸುಪಾಸಿನ ಕಾವಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸುತ್ತಾರೆ. ಹಪ್ಪಳದ ಹಾಗೆ ಮಾಳಿಗೆಯ ಬಿಸಿಲಿಗೆ ಹರಡಿದರೆ ಬೆಳಕೇ ಬಣ್ಣವನ್ನು ತಿಂದುಬಿಡುತ್ತದೆ. ಪುಡಿ ವಸ್ತ್ರಗಾಳಿತವಾಗಿರಬೇಕು, ಇಲ್ಲವಾದರೆ ಐಸಿಂಗ್ ತುಂಬ ಕೆಂಪು ಚುಕ್ಕಿ. ಎರಡೂವರೆ ಚಮಚ ಪುಡಿಯನ್ನು ಕೆಲವು ಹನಿ ನಿಂಬೆರಸದಲ್ಲಿ ಮೊದಲು ಕಲಸಿ, ಆ ಪೇಸ್ಟನ್ನು ಸುಮಾರು 375 ಗ್ರಾಂ ಬಟರ್‌ಕ್ರೀಮಿಗೆ ಸೇರಿಸುತ್ತಾರೆ. ತಕ್ಷಣ ನೋಡಿದರೆ ಬಣ್ಣ ಸಪ್ಪೆ. ಮುಚ್ಚಿಟ್ಟು ಮೂರು ನಾಲ್ಕು ಗಂಟೆ ಬಿಟ್ಟರೆ ತಾನಾಗಿ ಗಾಢವಾಗುತ್ತದೆ. ತಾಳ್ಮೆಯಿಲ್ಲದವರು ಅಷ್ಟರಲ್ಲಿ ಇನ್ನೆರಡು ಚಮಚ ಸುರಿದು, ಹುಟ್ಟುಹಬ್ಬದ ಕೇಕನ್ನು ಬೀಟ್‌ರೂಟ್ ಪಲ್ಯ ಮಾಡಿರುತ್ತಾರೆ.

ನಿಂಬೆರಸ ಇಲ್ಲಿ ರುಚಿಗಲ್ಲ. ಬೆಟಾನಿನ್ ತುಸು ಹುಳಿಯಲ್ಲಿ ಗುಲಾಬಿಯಾಗಿ ನಿಲ್ಲುತ್ತದೆ, ಕ್ಷಾರ ತಾಗಿದರೆ ಹಳದಿ-ಕಂದಿಗೆ ಜಾರುತ್ತದೆ. ಅಡುಗೆ ಸೋಡಾ ಹಾಕಿದ ಕೇಕಿನ ಹಿಟ್ಟಿಗೆ ಬೀಟ್‌ರೂಟ್ ಬೆರೆಸಿ ಬೇಯಿಸಿದವರು, ಕೆಂಪಗೆ ಹೋದದ್ದು ಓವನ್ನಿನಿಂದ ಮಣ್ಣಿನ ಬಣ್ಣದಲ್ಲಿ ಹೊರಬರುವುದನ್ನು ಕಂಡಿರುತ್ತಾರೆ. ಕಬ್ಬಿಣ, ತಾಮ್ರದ ಪಾತ್ರೆಯೂ ಅದಕ್ಕಾಗದು. ಗಾಜಿನ ಬೋಗುಣಿ ಸುರಕ್ಷಿತ. ಬೆಣ್ಣೆ ಹಳದಿಯಾಗಿದ್ದರಂತೂ ಗುಲಾಬಿ ಹೋಗಿ ಕಿತ್ತಳೆಗೆಂಪು ಬರುತ್ತದೆ. ಬೆಣ್ಣೆಯನ್ನು ಬೆಳ್ಳಗಾಗುವವರೆಗೆ ಹತ್ತು ನಿಮಿಷವಾದರೂ ಕಡೆಯದೆ ಬಣ್ಣ ಮುಟ್ಟಬಾರದು.

ನಿಂಬೆಗೆ ಇನ್ನೊಂದು ಕೆಲಸವೂ ಇದೆ. ಬೀಟ್‌ರೂಟಿನ ಮಣ್ಣಿನ ವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ವಸ್ತು, ಹುಳಿ ಅದನ್ನು ತಗ್ಗಿಸುತ್ತದೆ. ಮೊದಲ ಮಳೆಗೆ ನೆಲದಿಂದ ಏಳುವ ಘಮದಲ್ಲಿರುವುದೂ ಇದೇ ವಸ್ತು. ಆಗ ಬಾಲ್ಕನಿಯಲ್ಲಿ ನಿಂತು ಸ್ಟೇಟಸ್ ಹಾಕುವ ಜನ, ಅದೇ ಘಮ ಕೇಕಿನಲ್ಲಿ ಬಂದರೆ "ಏನೋ ಸ್ಮೆಲ್ ಬರ್ತಿದೆ" ಎಂದು ತಟ್ಟೆ ಸರಿಸುತ್ತಾರೆ.

ಈಗ ಕಲ್ಲಂಗಡಿಯ ಸಿಪ್ಪೆಗೆ ಬನ್ನಿ. ಪಾಲಕ್ ಹಸಿರಿನ ಪತ್ರಹರಿತ್ತು ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಬೆಣ್ಣೆಯೊಂದಿಗೆ ಜಗಳವಿಲ್ಲ. ಅದರ ಜಗಳವೆಲ್ಲ ಬೀಟ್‌ರೂಟನ್ನು ಕಾಪಾಡಿದ ಆ ನಿಂಬೆಹಣ್ಣಿನೊಂದಿಗೆ. ಪತ್ರಹರಿತ್ತಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕುಳಿತಿರುತ್ತದೆ. ಹುಳಿ ಅದನ್ನು ಎಬ್ಬಿಸಿ ಆ ಜಾಗದಲ್ಲಿ ಹೈಡ್ರೋಜನ್ ಕೂರಿಸುತ್ತದೆ, ಕಾವಿದ್ದರೆ ಕೆಲಸ ಇನ್ನೂ ಚುರುಕು. ಹಸಿರು ಮಿಲಿಟರಿ ಸಮವಸ್ತ್ರದ ಬಣ್ಣಕ್ಕೆ ತಿರುಗುತ್ತದೆ. ಗುಲಾಬಿ ಕಲಸಿದ ಚಮಚವನ್ನೇ ಹಸಿರಿಗೆ ಅದ್ದುವವರನ್ನು ಅಡುಗೆಮನೆಯಿಂದ ಹೊರಗಿಡುವುದು ಕ್ಷೇಮ. ಕ್ರೀಮ್ ಚೀಸ್ ಐಸಿಂಗೂ ಪಾಲಕ್‌ಗೆ ಹೇಳಿಮಾಡಿಸಿದ್ದಲ್ಲ, ಅದು ಹುಟ್ಟಿನಿಂದಲೇ ಹುಳಿ.

ಅರ್ಧ ಕೆಜಿ ಎಲೆಯನ್ನು ದಂಟು ತೆಗೆದು, ಸ್ವಲ್ಪ ನೀರಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ರಸವನ್ನು ಸಣ್ಣ ಉರಿಯಲ್ಲಿ ಕದಡುತ್ತ ಬಿಸಿ ಮಾಡಬೇಕು. ಸುಮಾರು 70 ಡಿಗ್ರಿಗೆ ಹಸಿರೆಲ್ಲ ಹೆಪ್ಪುಗಟ್ಟಿ ಮೇಲೆ ತೇಲಿ, ಅಡಿಯಲ್ಲಿ ಮಂಕು ನೀರು ಉಳಿಯುತ್ತದೆ. ಆ ಕ್ಷಣವೇ ಇಳಿಸಿ, ಬಟ್ಟೆಯಲ್ಲಿ ಸೋಸಿ, ಐಸ್ ಮೇಲೆ ಇಡಬೇಕು. ಫೋನ್ ಬಂತೆಂದು ಎರಡು ನಿಮಿಷ ಕುದಿಯಲು ಬಿಟ್ಟರೆ ಎಲೆಯದೇ ಹುಳಿ ಸಾಕು, ನಿಂಬೆ ಹಿಂಡುವ ಅಗತ್ಯವೇ ಇಲ್ಲ. ಇಷ್ಟೆಲ್ಲ ಸರ್ಕಸ್ಸಿಗೆ ಸಿಗುವುದು ಕೆಲವೇ ಚಮಚ ಪೇಸ್ಟ್. ಆದರೆ ಸೊಪ್ಪಿನ ರುಚಿ ಬಹುಪಾಲು ಆ ನೀರಿನ ಜೊತೆ ಹೋಗಿರುತ್ತದೆ, ಒಂದೆರಡು ಚಮಚಕ್ಕೇ ಐಸಿಂಗ್ ಹಸಿರಾಗುತ್ತದೆ. ಹಳದಿ ಬೆಣ್ಣೆ ಇಲ್ಲಿ ಅಪರಾಧಿಯಲ್ಲ, ಎಳೆ ಹಸಿರಿಗೆ ನೆರವೇ. ಚಿಟಿಕೆ ಸೋಡಾ ಹಾಕಿ ಹಸಿರು ಉಳಿಸುವ ಜಾಣರೂ ಇದ್ದಾರೆ. ಅವರ ಕೇಕ್ ತಿಂದವರಿಗೆ ಸೋಪಿನ ನೆನಪಾಗುತ್ತದೆ. ಮಾರುಕಟ್ಟೆಯ ಸೀಸೆಯಲ್ಲಿ ಮಾಸದ 'ನೈಸರ್ಗಿಕ' ಹಸಿರು ಕಂಡರೆ ಹಿಂದಿನ ಚೀಟಿ ಓದಿ. ಎಷ್ಟೋ ಸಲ ಅದು ಮೆಗ್ನೀಸಿಯಂ ತೆಗೆದು ತಾಮ್ರ ಕೂರಿಸಿದ ಕ್ಲೋರೋಫಿಲಿನ್ ಆಗಿರುತ್ತದೆ.

ಕೇಕ್ ಸಿದ್ಧವಾದ ಮೇಲೆ ಇರುವ ಶತ್ರುಗಳು ಬೆಳಕು ಮತ್ತು ಬೆವರು. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಬಣ್ಣ ಮರ್ಯಾದೆಯಿಂದ ಇರುತ್ತದೆ. ತೆಗೆದ ಕೂಡಲೇ ಡಬ್ಬಿ ತೆರೆದರೆ ತಣ್ಣನೆಯ ಐಸಿಂಗ್ ಮೇಲೆ ಹನಿ ಕಟ್ಟಿ, ನೀರಿನ ಬಣ್ಣವಾದ ಬೀಟ್‌ರೂಟ್ ಪಕ್ಕದ ಬಿಳಿಗೆ ಹರಿಯುತ್ತದೆ. ಡಬ್ಬಿ ಮುಚ್ಚಿಯೇ ಇರಲಿ, ಹನಿ ಡಬ್ಬಿಯ ಹೊರಗೆ ಕಟ್ಟಿಕೊಳ್ಳಲಿ. ಇದನ್ನೆಲ್ಲ ಬೇಕರ್ ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ಕ್ಲಬ್‌ಹೌಸಿನಲ್ಲಿ ಸಂಜೆ ಆರಕ್ಕೆ ಕತ್ತರಿಸಬೇಕಾದ ಕೇಕನ್ನು ಮಧ್ಯಾಹ್ನ ಮೂರಕ್ಕೇ ಕಿಟಕಿ ಪಕ್ಕದಲ್ಲಿ, ಎರಡು ರಿಂಗ್ ಲೈಟ್ ನಡುವೆ ತೆರೆದಿಟ್ಟು ರೀಲ್ಸ್ ಮಾಡಲಾಯಿತು. ಆರು ಗಂಟೆಗೆ ಬೇಕರ್‌ಗೆ ಮೆಸೇಜ್: "ಮೇಡಂ, ನಿಮ್ ನ್ಯಾಚುರಲ್ ಕಲರ್ ನಿಲ್ತಿಲ್ಲ. ಡಿಸ್ಕೌಂಟ್ ಕೊಡ್ಬೇಕು."

ಕೇಕಿನ ಜೊತೆಗೆ, ನಿಸರ್ಗಕ್ಕೆ ನಿಷ್ಠೆ ತೋರಿಸಲೆಂದೇ, ಮಕ್ಕಳಿಗೆಲ್ಲ ಬಟ್ಟಲು ತುಂಬ ಬೀಟ್‌ರೂಟ್ ಹಲ್ವ ಹಂಚಿದ್ದರಂತೆ. ಮರುದಿನ ಬೆಳಿಗ್ಗೆ ಆರ್ಡರ್ ಕೊಟ್ಟಿದ್ದ ತಾಯಿಯ ಗಾಬರಿಯ ಫೋನ್: ಮಗು ಬಾತ್‌ರೂಮಿಗೆ ಹೋಗಿತ್ತು, ಎಲ್ಲ ಪಿಂಕ್ ಪಿಂಕ್! ಬೀಟ್‌ರೂಟ್ ತಿಂದ ಕೆಲವರಿಗೆ ಹಾಗಾಗುವುದುಂಟು, ಬಣ್ಣ ಪೂರ್ತಿ ಜೀರ್ಣವಾಗದೆ ಮೂತ್ರದಲ್ಲಿ ಹೊರಬರುತ್ತದೆ, ಅಪಾಯವಿಲ್ಲ. ಬೇಕರ್ ಅಷ್ಟನ್ನೂ ಸಾವಧಾನವಾಗಿ ವಿವರಿಸಿ ಕೊನೆಗೆ ಕೇಳಿದರು:

"ಕಲರ್ ನಿಂತಿದೆಯಲ್ಲ ಮೇಡಂ, ಆ ಡಿಸ್ಕೌಂಟ್ ವಾಪಸ್ ಹಾಕ್ತೀರಾ?"