ಬಾಕಿ ಬಿಲ್ಲು: ಗಂಟೆಯೋ, ತಾಸೋ?

ಮಹಾಲಿಂಗಪುರದ ಕಡೆ ‘ಎರಡು ಗಂಟೆಯಿಂದ ಕರೆಂಟಿಲ್ಲ’ ಅಂದರೆ ಕರೆಂಟು ಮಧ್ಯಾಹ್ನ ಎರಡಕ್ಕೆ ಹೋಗಿದೆ ಎಂದರ್ಥ. ‘ಎರಡು ತಾಸಾತು, ಕರೆಂಟಿಲ್ಲ’ ಅಂದರೆ ಬೆವರು ಒರೆಸಿಕೊಂಡ ಅವಧಿಯ ಲೆಕ್ಕ. ಬೆಂಗಳೂರಿನವರು ಎರಡಕ್ಕೂ ಗಂಟೆಯನ್ನೇ ಬಾರಿಸುವುದರಿಂದ ಅವರನ್ನು ಮತ್ತೊಮ್ಮೆ ಕೇಳಬೇಕಾಗುತ್ತದೆ. ಇಂಗ್ಲಿಷಿನ ‘ಸಿನ್ಸ್’ ನಮ್ಮ ಗಂಟೆ, ‘ಫಾರ್’ ನಮ್ಮ ತಾಸು. ಇಷ್ಟು ಚೊಕ್ಕ ಲೆಕ್ಕ ಬಾಯಲ್ಲಿದ್ದರೂ ಇಮೇಲ್ ಬರೆಯಲು ಕೂತೊಡನೆ ‘ಬಿಲ್ ಈಸ್ ಪೆಂಡಿಂಗ್ ಸಿನ್ಸ್ ಟೂ ಮಂತ್ಸ್’ ಎಂದು ಬೆರಳು ಓಡುತ್ತದೆ. ಕಾರಣ ‘ಇಂದ’ ಪ್ರತ್ಯಯ: ಸೋಮವಾರಕ್ಕೂ ಅದೇ, ಎರಡು ತಿಂಗಳಿಗೂ ಅದೇ. ಅನುಮಾನ ಬಂದರೆ ‘ಆತು’ ಹಚ್ಚಿ ನೋಡಿ. ‘ಎರಡು ತಿಂಗಳಾತು’ ಅನ್ನಬಹುದು, ಹಾಗಾಗಿ ಫಾರ್. ‘ಜನವರಿ ಇಪ್ಪತ್ತೈದಾತು, ಬಿಲ್ ಬಂದಿಲ್ಲ’ ಎಂದರೆ ಇವತ್ತೇ ಇಪ್ಪತ್ತೈದು ಎಂದಾಗುತ್ತದೆ, ಅಲ್ಲಿ ಸಿನ್ಸ್.

ತಪ್ಪಿದ್ದರೂ ಓದುವವರಿಗೆ ತಿಳಿಯುತ್ತದಲ್ಲ, ಎಂದು ಕೇಳುವವರಿದ್ದಾರೆ. ತಿಳಿಯುತ್ತದೆ, ‘ಸಿನ್ಸ್ ಟೂ ಮಂತ್ಸ್’ ಬರೆದಿದ್ದಕ್ಕೆ ಯಾರ ಬಿಲ್ಲೂ ನಿಂತಿಲ್ಲ. ನನ್ನ ತಕರಾರು ವ್ಯಾಕರಣದ್ದಲ್ಲ, ರೊಕ್ಕದ್ದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ. ಒಬ್ಬ ರೈತ ಜನವರಿ 10ಕ್ಕೆ ಕಬ್ಬು ಸಾಗಿಸಿದ ಎನ್ನಿ. 24ಕ್ಕೆ ಗಡುವು ಮುಗಿಯಿತು, 25ರಿಂದ ಬಿಲ್ಲು ಬಾಕಿ. ಮಾರ್ಚ್ 25ಕ್ಕೆ ಆತ ‘ಹ್ಯಾಸ್ ಬೀನ್ ಪೆಂಡಿಂಗ್ ಫಾರ್ ಟೂ ಮಂತ್ಸ್’ ಎಂದು ಬರೆದರೆ ವ್ಯಾಕರಣ ಸರಿ. ಆದರೆ ಎರಡು ತಿಂಗಳು ಯಾವತ್ತಿನಿಂದ, ಕಬ್ಬು ಇಳಿಸಿದ ದಿನದಿಂದಲೋ, ಗಡುವಿನ ದಿನದಿಂದಲೋ? ಮೇಲಾಗಿ ಆ ಮೇಲು ಮೂರು ಟೇಬಲ್ಲು ದಾಟಿ ಮೇ ತಿಂಗಳಲ್ಲಿ ತೆರೆದುಕೊಂಡಾಗಲೂ ಅದರಲ್ಲಿ ಎರಡೇ ತಿಂಗಳು. ರೈತನ ಬಾಕಿ ಬೆಳೆದರೂ ವಾಕ್ಯ ಬೆಳೆಯುವುದಿಲ್ಲ. ‘ಹ್ಯಾಸ್ ಬೀನ್ ಪೆಂಡಿಂಗ್ ಸಿನ್ಸ್ 25 ಜನವರಿ’ ಎಂದಿದ್ದರೆ ಯಾವತ್ತು ಓದಿದರೂ ಬಡ್ಡಿ ಅಲ್ಲಿಂದಲೇ ಎಣಿಕೆ. ಫಾರ್ ಬೇಡವೆಂದಲ್ಲ, ನೋವು ಹೇಳಿಕೊಳ್ಳಲು ಅದೇ ಚಲೋ. ತಾರೀಖಿನ ಬೆನ್ನಿಗೆ ಬರಲಿ.

‘ಹ್ಯಾಸ್ ಬೀನ್’ ಇಷ್ಟೊಂದು ಉದ್ದ ಯಾಕೆ, ‘ವಾಸ್’ ಸಾಲದೇ ಎಂದರೆ, ಸಾಲದು. ‘ವಾಸ್ ಪೆಂಡಿಂಗ್ ಫಾರ್ ಟೂ ಮಂತ್ಸ್’ ಎಂದರೆ ಬಾಕಿ ಇತ್ತು, ಈಗ ತೀರಿದೆ ಎಂದೂ ಓದಬಹುದು. ಫೈಲು ಮುಚ್ಚಲು ಕಾದವನಿಗೆ ಅಷ್ಟೇ ಸಾಕು. ‘ಈಸ್’ ಇವತ್ತಿನ ಸ್ಥಿತಿಯನ್ನು ಹೇಳುತ್ತದೆ, ಹಿಂದಿನ ದಿನಗಳನ್ನು ಕೂಡಿಸುವುದಿಲ್ಲ. ಅಂದು ಶುರುವಾಗಿದೆ, ಇಂದಿಗೂ ಮುಗಿದಿಲ್ಲ ಎನ್ನುವ ಎರಡನ್ನೂ ಹೊರುವುದು ‘ಹ್ಯಾಸ್ ಬೀನ್’ ಒಂದೇ. ಇನ್ನೊಂದು ಮಾತು, ತಾರೀಖಿನ ಜೊತೆ ಇಸವಿಯನ್ನೂ ಬರೆಯಿರಿ. ಬರೀ ‘ಜನವರಿ’ ಎಂದರೆ ಯಾವ ಜನವರಿ ಎಂದು ಮುಂದಿನ ಹಂಗಾಮಿನಲ್ಲಿ ಕೇಳುವವರು ಆ ಕುರ್ಚಿಯಲ್ಲೇ ಕೂತಿರುತ್ತಾರೆ.