ತಾಳೆ ಆಯ್ತಾ, ತಾಳೆ ಮಾಡಿದ್ರಾ?

ಅಲ್ಲ ಸ್ವಾಮಿ, ಮಾರ್ಚ್ 31ರ ರಾತ್ರಿ ಅಂಗಡಿ ಶಟರ್ ಅರ್ಧ ಎಳ್ಕೊಂಡು, ಲ್ಯಾಪ್‌ಟಾಪ್ ಮುಂದೆ ಕೂತು ನೀವೇನು ಮಾಡ್ತೀರಿ ಅಂತ ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಸ್ಟಾಕ್ ಶೀಟು ತಾನೆ? ಬೆಳಗ್ಗೆ ಆಡಿಟರ್ ಹತ್ರ ಹೋಗಬೇಕು. ಕೊನೇ ಕಾಲಂನಲ್ಲಿ ಮೇಲಿಂದ ಕೆಳಗೆ ಸೊನ್ನೆ, ಸೊನ್ನೆ, ಸೊನ್ನೆ. ಒಂದು ಪೈಸೆ ಕಡಿಮೆಯಿಲ್ಲ, ಒಂದು ಪೊಟ್ಟಣ ಜಾಸ್ತಿಯಿಲ್ಲ!

ಲೆಕ್ಕ ಏನೋ ಸಲೀಸು. ಓಪನಿಂಗ್ ಸ್ಟಾಕಿಗೆ ಖರೀದಿ ಕೂಡಿ, ಮಾರಾಟ ಕಳೆದರೆ ಕ್ಲೋಸಿಂಗ್ ಸ್ಟಾಕ್. ಆದರೆ ಇಲಿ ಓಡಾಡೋ ಗೋಡೌನು, ಕಣ್ಣಂದಾಜಿನ ತಕ್ಕಡಿ, ಬಿಲ್ ಮಾಡೋವಾಗ ಫೋನಲ್ಲಿ ಮಾತಾಡೋ ಹುಡುಗ, ಇಷ್ಟೆಲ್ಲ ಇಟ್ಕೊಂಡು ಅರವತ್ತು ಐಟಂಗೂ ಸೊನ್ನೆ ಹೇಗೆ ಬಂತು? ನಿಜ ಹೇಳಿ. ಕ್ಲೋಸಿಂಗ್ ಕಾಲಂನಲ್ಲಿ ಏನು ಹಾಕಿದ್ದೀರಿ?

ನಮ್ಮ ಭಾವನ ಕಿರಾಣಿ ಅಂಗಡೀಲೂ ಹೀಗೇ ಸೊನ್ನೆಗಳ ಸಂತೆ. B ಓಪನಿಂಗ್, C ಖರೀದಿ, D ಮಾರಾಟ, E ಕ್ಲೋಸಿಂಗ್, F ಚೆಕ್. ನಾನು ಸುಮ್ಮನೆ ಸೋನಾ ಮಸೂರಿಯ ಖರೀದಿಗೆ 5000 ಅಂತ ಒತ್ತಿದೆ. F ಕಾಲಂ ಕಣ್ಣು ಮಿಟುಕಿಸಲಿಲ್ಲ, ಸೊನ್ನೆ ಅಂದ್ರೆ ಸೊನ್ನೆ. ಒಳಗೆ ಇಣುಕಿದರೆ ಗುಟ್ಟು ಇಲ್ಲಿತ್ತು:

```
E2:  =B2+C2-D2
F2:  =B2+C2-D2-E2
```

ಕಂಡಿತಾ? ಕ್ಲೋಸಿಂಗ್ ಸ್ಟಾಕನ್ನ ಎಣಿಸೇ ಇಲ್ಲ, ಲೆಕ್ಕದಿಂದಲೇ ಹುಟ್ಟಿಸಿದ್ದಾರೆ. ಆಮೇಲೆ ಅದೇ ಲೆಕ್ಕದಿಂದ ಅದನ್ನ ಕಳೆದು, "ನೋಡೋ, ತಾಳೆ ಆಯ್ತು" ಅಂತ ಮೀಸೆ ತಿರುವಿದ್ದಾರೆ. (ಪ್ರಶ್ನೆಪತ್ರಿಕೆ ನಿಮ್ಮದೇ, ಉತ್ತರ ನಿಮ್ಮದೇ, ಮಾರ್ಕ್ಸೂ ನೀವೇ ಹಾಕೋದು. ಇಂಥಾ ಪರೀಕ್ಷೇಲಿ ನಾನೂ ರ‍್ಯಾಂಕ್ ಬರ್ತಿದ್ದೆ!)

E ಕಾಲಂನಲ್ಲಿ ಕೈಯಿಂದ ಎಣಿಸಿದ ಅಂಕಿನೇ ಇರಬೇಕು. ಲೆಕ್ಕದ ಅಂಕಿ ಬೇಕಾದರೆ ಅದಕ್ಕೆ ಬೇರೆ ಕಾಲಂ ಮಾಡ್ಕೊಳ್ಳಿ, ಯಾರು ಬೇಡ ಅಂತಾರೆ? ಅಂದಹಾಗೆ, ಎಣಿಸೋರಿಗೆ ಆ ಲೆಕ್ಕದ ಅಂಕಿ ತೋರಿಸಬೇಡಿ. "215 ಇರಬೇಕು" ಅಂತ ಮೊದಲೇ ಗೊತ್ತಿದ್ದರೆ ಹುಡುಗ 215 ಎಣಿಸ್ಕೊಂಡೇ ಬರ್ತಾನೆ. (ನೀವಾದ್ರೂ ಅಷ್ಟೇ, ಅವನ್ನ ಯಾಕೆ ಬೈತೀರಿ?)

ಭಾವನ್ನ ಗೋಡೌನಿಗೆ ಎಬ್ಬಿಸ್ಕೊಂಡು ಹೋದೆ. ಸೋನಾ ಮಸೂರಿ ತಿಂಗಳ ಮೊದಲಿಗೆ 25 ಕೆಜಿಯ 12 ಚೀಲ, ಅಂದ್ರೆ 300 ಕೆಜಿ. ತಿಂಗಳಲ್ಲಿ ಬಂದದ್ದು 40 ಚೀಲ, 1000 ಕೆಜಿ. ಬಿಲ್ಲಲ್ಲಿ ಮಾರಿದ್ದು 1085. ಉಳಿಯಬೇಕಾದದ್ದು 215. ಎಣಿಸಿದರೆ ಆರು ತುಂಬಿದ ಚೀಲ, ಜೊತೆಗೆ ತೂಕಕ್ಕಿಟ್ಟ ಲೂಸ್ ಅಕ್ಕಿ 21.3 ಕೆಜಿ. ಒಟ್ಟು 171.3. ಉಳಿದ 43.7 ಕೆಜಿ ಎಲ್ಲಿ?

"ಹುಡುಗರು ಹೊಡೆದಿದಾರೆ" ಅಂದರು ಭಾವ ತಕ್ಷಣ. ನೀವೂ ಅದನ್ನೇ ಅಂತಿದ್ರಿ, ಅಲ್ವಾ? ತಡೀರಿ, ಕಳ್ಳನ್ನ ಹುಡುಕೋಕೆ ಮುಂಚೆ ಅಂಕಿನ ಮುಖ ನೋಡಬೇಕು. 43.7ರೊಳಗೆ ಒಂದು ಪೂರಾ ಚೀಲ ಕೂರುತ್ತೆ. ಚೀಲ ಅಂದ್ರೆ ಜೇಬಲ್ಲಿ ಇಟ್ಕೊಂಡು ಹೋಗೋ ಮಾಲಲ್ಲ, ಹೊತ್ತವರನ್ನ ಯಾರಾದ್ರೂ ನೋಡಿರ್ತಾರೆ. ನೋಡಿದ್ದು ನಾನೇ! ಯುಗಾದಿಗೆ ಅಕ್ಕನ ಮನೆಗೆ ಹೋಗಿದ್ದಾಗ ಅಡುಗೆಮನೆ ಮೂಲೇಲಿ ಅದೇ ಬ್ರ್ಯಾಂಡಿನ ಚೀಲ ಒರಗಿತ್ತು. ಬಿಲ್ ಮಾಡಿದ್ರಾ? "ಮನೆಗೆ ತಗೊಂಡ್ಹೋಗೋದಕ್ಕೂ ಬಿಲ್ಲೇನೋ!" ಅಂದರು.

ಉಳಿದದ್ದು 18.7. ಇಲ್ಲಿ ಮಜಾ ಇದೆ. ಅದೇ ಶೀಟಲ್ಲಿ ಇಡ್ಲಿ ಅಕ್ಕಿ ಎಣಿಸಿದಾಗ 18 ಕೆಜಿ ಹೆಚ್ಚಿಗೆ ಸಿಕ್ತು. ಭಾವನಿಗೆ ಖುಷಿಯೋ ಖುಷಿ. ಅಕ್ಕಿ ತಾನಾಗಿ ಮರಿ ಹಾಕುತ್ತಾ ಭಾವ? ಸೋನಾ ಮಸೂರಿ ತೂಗಿ ಕೊಟ್ಟು, ಬಿಲ್ಲಲ್ಲಿ ಇಡ್ಲಿ ಅಕ್ಕಿ ಒತ್ತಿದ್ದಾರೆ. ಒಂದರಲ್ಲಿ ಕೊರತೆ, ಇನ್ನೊಂದರಲ್ಲಿ ಅಷ್ಟೇ ಹೆಚ್ಚುವರಿ. ಹಾಗಾಗಿ ಹೆಚ್ಚು ಬಂತು ಅಂದ ತಕ್ಷಣ ಹಲ್ಲು ಬಿಡಬೇಡಿ, ಅದೂ ತಪ್ಪೇ.

ಈಗ ನಿಮ್ಮ ಇನ್ನೊಂದು ಚಾಳಿ. ಐಟಂವಾರು ನೋಡೋಕೆ ಬೇಜಾರು, F ಕಾಲಂ ಕೆಳಗೆ ಒಂದು ಟೋಟಲ್ ಹೊಡೆದು "ಎಲ್ಲಾ ಸೇರಿ ಸರಿ ಇದೆ" ಅಂದುಬಿಡ್ತೀರಿ. ಆ ಟೋಟಲ್ಲಲ್ಲಿ ಈ ಎರಡು 18 ಒಂದನ್ನೊಂದು ನುಂಗಿ ನೀರು ಕುಡೀತಾವೆ. ಕೂಡಲೇಬೇಕು ಅಂದ್ರೆ ಪ್ಲಸ್ಸು ಮೈನಸ್ಸು ಚಿಹ್ನೆ ಕಿತ್ತು ಕೂಡಿ:

```
F2:   =ROUND(B2+C2-D2-E2,3)
F62:  =SUMPRODUCT(ABS(F2:F61))
```

(ಆ ROUND ಯಾಕೆ ಅಂದ್ರಾ? ದಶಾಂಶದ ಅಂಕಿಗಳನ್ನ ಕೂಡಿ ಕಳೆದಾಗ ಎಕ್ಸೆಲ್ ಒಮ್ಮೊಮ್ಮೆ ಸೊನ್ನೆ ಬದಲು 5.55E-17 ಅಂತ ಏನೋ ತೋರಿಸುತ್ತೆ. ಅದು ಕಳ್ಳತನ ಅಲ್ಲ, ಕಂಪ್ಯೂಟರ್ ದಶಾಂಶ ಇಟ್ಕೊಳ್ಳೋ ರೀತಿಯೇ ಹಾಗೆ. ಅದಕ್ಕೆ ಹುಡುಗನ್ನ ಕರೆದು ವಿಚಾರಣೆ ಮಾಡಬೇಡಿ.)

ಅಂಕಿಗಳು ಚಾಡಿ ಹೇಳ್ತಾವೆ, ಕೇಳಿಸ್ಕೊಳ್ಳೋ ಕಿವಿ ಬೇಕು ಅಷ್ಟೇ. ಖರೀದೀಲಿ 1000 ಕೆಜಿ ಬದಲು 40 ಅಂತ ಚೀಲದ ಲೆಕ್ಕ ಹೊಡೆದಿದ್ರೆ, ಉಳಿಕೆ ಮೈನಸ್ 745! ಇಲ್ಲದ ಅಕ್ಕಿ ಮಾರೋಕಾಗುತ್ತಾ? ಅದನ್ನ ಹಿಡಿಯೋಕೆ ಎಣಿಸೋದೂ ಬೇಡ. ವ್ಯತ್ಯಾಸ ಒಂಬತ್ತರಿಂದ ಸರಿಯಾಗಿ ಭಾಗವಾದರೆ, 63 ಹೋಗಿ 36 ಆಗಿರೋ ಥರ ಅಂಕಿ ತಿರುವುಮುರುವಾಗಿದೆಯಾ ನೋಡಿ. ವ್ಯತ್ಯಾಸದ ಅರ್ಧದಷ್ಟು ಮಾಲು ಯಾವುದಾದ್ರೂ ವಾಪಸ್ ಬಂದಿತ್ತಾ ಅಂತಲೂ ನೋಡಿ. ವಾಪಸ್ ಬಂದದ್ದನ್ನ ಮಾರಾಟಕ್ಕೆ ಸೇರಿಸಿದ್ರೆ ಪೆಟ್ಟು ಎರಡರಷ್ಟು. (ಇವೆಲ್ಲ ಸುಳಿವು ಮಾತ್ರ. ನಮ್ಮ 18 ಕೂಡ ಒಂಬತ್ತರ ಮಗ್ಗೀದೇ, ಆದರೆ ಕಾರಣ ಬೇರೆ ಇತ್ತಲ್ಲ!)

ಇನ್ನು ಕೆಲವರಿದ್ದೀರಿ, ಇದೇ ಲೆಕ್ಕವನ್ನ ಕೆಜಿ ಬಿಟ್ಟು ರೂಪಾಯೀಲಿ ಮಾಡೋರು. ಹತ್ತು ಕೆಜಿ 50ರಂತೆ ತಂದ್ರಿ, 500 ರೂಪಾಯಿ. ನಾಲ್ಕು ಕೆಜಿ 60ರಂತೆ ಮಾರಿದ್ರಿ, 240. ಶೀಟು ಹೇಳುತ್ತೆ 260 ಉಳೀಬೇಕು ಅಂತ. ಆದರೆ ಉಳಿದ ಆರು ಕೆಜಿ, ತಂದ ರೇಟಲ್ಲಿ 300. ಆ ನಲವತ್ತು ನಿಮ್ಮ ಲಾಭ ಸ್ವಾಮಿ, ಅದನ್ನೇ ಸ್ಟಾಕ್ ಜಾಸ್ತಿ ಅಂತ ಹುಡುಕ್ತಾ ಕೂತಿದ್ದೀರಲ್ಲ! ಕಳೆಯೋದಾದ್ರೆ ಮಾರಿದ ಮಾಲಿನ ಖರೀದಿ ಬೆಲೆ ಕಳೀರಿ.

ಭಾವನ ವಿಷಯಕ್ಕೆ ಬರೋಣ. 25 ಮನೆಗೆ, 18 ಇಡ್ಲಿ ಅಕ್ಕಿ ಹೆಸರಲ್ಲಿ. ಮಿಕ್ಕಿದ್ದು 700 ಗ್ರಾಂ. ಲೂಸ್ ತೂಗೋವಾಗ ಚೆಲ್ಲಿದ್ದು, ಗಿರಾಕಿ ಕಡೆ ವಾಲಿದ ಮುಳ್ಳು. ಸಾವಿರ ಕೆಜಿ ಮಾರೋ ಅಂಗಡೀಲಿ ಇಷ್ಟು ಬರದೇ ಇದ್ದಿದ್ರೇನೇ ನನಗೆ ಅನುಮಾನ. ಬಿಲ್ಲಿನ ತಪ್ಪನ್ನ D ಕಾಲಂನಲ್ಲಿ ತಿದ್ದಿ, 700 ಗ್ರಾಮನ್ನ ಹಾಗೇ ಬಿಡಿ ಅಂದೆ. ಕೈ ತಡೀಬೇಕಲ್ಲ? ಆಚೆ ತಿರುಗೋ ಹೊತ್ತಿಗೆ 171.3ನ್ನ 172 ಮಾಡಿಬಿಟ್ಟಿದ್ರು!

ಮತ್ತೆ 171.3 ಮಾಡಿಸಿ, ಪಕ್ಕದಲ್ಲಿ "ಮನೆಗೆ" ಅಂತ ಹೊಸ ಕಾಲಂ ಸೇರಿಸಿದ್ವಿ, ಚೆಕ್ಕಲ್ಲಿ ಅದನ್ನೂ ಕಳೆಯೋ ಹಾಗೆ. ಅಷ್ಟೊತ್ತಿಗೆ ಊಟಕ್ಕೆ ಕರೆಯೋಕೆ ಬಂದ ಅಕ್ಕ ಸ್ಕ್ರೀನ್ ನೋಡಿದಳು. "ಅಕ್ಕಿ ಮಾತ್ರ ಬರ್ದಿದೀರಾ? ಗೋಡಂಬಿ ಡಬ್ಬದ್ದೆಲ್ಲಿ?" ಭಾವ ನನ್ನ ಮುಖ ನೋಡಿದರು, ನಾನು ಲ್ಯಾಪ್‌ಟಾಪ್ ಮುಖ.

ನೀವು ಯಾಕೆ ನಗ್ತಿದ್ದೀರಿ? ಖಾಲಿ ಸೆಲ್ಲಲ್ಲಿ `=ISFORMULA(E2)` ಅಂತ ಹೊಡೀರಿ, ನೋಡೋಣ. ಏನು ಬಂತು? TRUE? ಶಟರ್ ಪೂರ್ತಿ ಎಳ್ಕೊಳ್ಳಿ, ಟಾರ್ಚ್ ತಗೊಳ್ಳಿ, ಗೋಡೌನ್ ಆ ಕಡೆ.