ಚಾನೆಲಪ್ಪನ ನಾಮಕರಣ

ಚಾನೆಲಪ್ಪನನ್ನು ನೀವೆಲ್ಲ ಬಲ್ಲಿರಿ. ಊರಿಗೊಬ್ಬ ಇರುತ್ತಾನೆ, ದೊಡ್ಡ ಊರಾದರೆ ಬೀದಿಗೊಬ್ಬ. ಅವನ ಹತ್ತಿರ ರಿಂಗ್ ಲೈಟಿದೆ, ಕಾಲರಿಗೆ ಸಿಕ್ಕಿಸುವ ಮೈಕಿದೆ, ಡ್ರಮ್ ಸದ್ದಿನ ಜೊತೆ ಗಿರಗಿರನೆ ತಿರುಗಿ ಬರುವ ಲೋಗೋ ಇದೆ. ವಿಡಿಯೋ ಮಾತ್ರ ಇಲ್ಲ. ಕೇಳಿದರೆ, ‘ಹ್ಯಾಂಡಲ್ ಇನ್ನೂ ಫೈನಲ್ ಆಗಿಲ್ಲ ಸಾರ್’ ಅನ್ನುತ್ತಾನೆ. ನನ್ನ ಚಾನೆಲಪ್ಪ ತುಮಕೂರು ಕಡೆಯವನು, ಬೋರ್‌ವೆಲ್ ಮೋಟಾರ್ ರಿಪೇರಿ ಕಸುಬಿನವನು ಎಂದಿಟ್ಟುಕೊಳ್ಳಿ. ಪಂಪು ಮೇಲೆತ್ತುವ ಮೊದಲೇ ಸುಟ್ಟಿರುವುದು ವೈಂಡಿಂಗೋ, ಕೈಕೊಟ್ಟಿರುವುದು ಕೆಪಾಸಿಟರೋ ಎಂದು ಅಂದಾಜಿಸಬಲ್ಲ. ಇಷ್ಟು ವಿದ್ಯೆ ಇರುವವನು ಹೆಸರಿಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದನ್ನು ನೋಡಿದರೆ ರೇಗುತ್ತದೆ. ಹಾಗಂತ ಹೆಸರಿನ ಚಿಂತೆ ಸುಳ್ಳು ಚಿಂತೆ ಎನ್ನಲಾರೆ. ಅವನು ಕಣ್ಣಿಗೆ ಚೆಂದ ಕಾಣುವ ಹೆಸರನ್ನು ಹುಡುಕುತ್ತಿದ್ದಾನೆ. ಅವನಿಗೆ ಬೇಕಿರುವುದು ಕಿವಿಯಲ್ಲಿ ಕೇಳಿದವರೆಲ್ಲ ಒಂದೇ ರೀತಿ ಟೈಪ್ ಮಾಡುವ ಹೆಸರು.

ಅವನಿಗೆ ಬಲು ಇಷ್ಟವಾದ ಹೆಸರು ‘ಮೋಟಾರು ಮಾತು’. ಕನ್ನಡದಲ್ಲಿ ಅದಕ್ಕೊಂದೇ ಕಾಗುಣಿತ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಕೂಡಲೇ ತೊಂದರೆ ಶುರು. ಮೊದಲ ಪದವನ್ನು motoru, motaru, motaaru ಎಂದು ಮೂರು ಬಗೆಯಾಗಿ ಬರೆಯುವವರಿದ್ದಾರೆ. ಎರಡನೆಯದಕ್ಕೆ matu, maatu, mathu, maathu ಎಂದು ನಾಲ್ಕು ದಾರಿ. ಒಟ್ಟು ಹನ್ನೆರಡು ಹೆಸರಾಯಿತು. ನಡುವೆ ಅಂಡರ್‌ಸ್ಕೋರ್ ಇದೆಯೋ ಇಲ್ಲವೋ ಎಂಬ ಅನುಮಾನವನ್ನೂ ಸೇರಿಸಿದರೆ ಇಪ್ಪತ್ನಾಲ್ಕು. ಗುಬ್ಬಿಯ ರೈತನೊಬ್ಬ ಪಕ್ಕದ ತೋಟದವನಿಗೆ ಬಾಯಲ್ಲಿ ಹೇಳಿದ ಈ ಹೆಸರು ಸರಿಯಾದ ಬಾಗಿಲು ತಲುಪಬೇಕಾದರೆ ಇಪ್ಪತ್ನಾಲ್ಕರಲ್ಲಿ ಒಂದನ್ನೇ ಒತ್ತಬೇಕು. ದೀರ್ಘಸ್ವರ, ತ-ಥ, ಶ-ಷ ಇರುವ ಕನ್ನಡ ಪದಗಳಿಗೆಲ್ಲ ಈ ಗ್ರಹಚಾರ ಅಂಟಿದ್ದೇ. ಮಿಕ್ಕ ಇಪ್ಪತ್ಮೂರು ಬಾಗಿಲುಗಳಲ್ಲಿ ಯಾರು ಬೇಕಾದರೂ ಬಂದು ಕೂರಬಹುದು.

ತಾನು ಬಯಸಿದ ಹೆಸರು ಆಗಲೇ ಬೇರೆಯವರ ಪಾಲಾಗಿದ್ದರೆ ಚಾನೆಲಪ್ಪ ಬಾಲ ಕಟ್ಟಲು ಶುರುಮಾಡುತ್ತಾನೆ. ಮೊದಲು _official. ಒಂದೂ ವಿಡಿಯೋ ಹಾಕದವನಿಗೆ ಅನಧಿಕೃತ ಚಾನೆಲ್ ಯಾರು ಮಾಡಿದ್ದರೋ, ಅದನ್ನು ಕೇಳಬೇಡಿ. ಅದೂ ಸಿಗದಿದ್ದರೆ ಹುಟ್ಟಿದ ಇಸವಿ, ಆಮೇಲೆ kannada, ಕೊನೆಗೆ ಸಂಖ್ಯಾಶಾಸ್ತ್ರದವರು ಹೇಳಿದ ಒಂದು ಹೆಚ್ಚಿನ a. ಆ ಶಾಸ್ತ್ರಿಗಳ ಬಗ್ಗೆ ನನಗೆ ಬೇಸರವೇನಿಲ್ಲ, ಆದರೆ ಅವರು ಸೇರಿಸಿದ a ಯಾರ ಕಿವಿಗೂ ಕೇಳುವುದಿಲ್ಲ. ಬಾಲ ಕಟ್ಟುವುದರಿಂದ ಆಗುವ ನಷ್ಟ ಸರಳ: ನೋಡುವವರು ಬಾಲವನ್ನು ಮರೆತು ಮೂಲ ಹೆಸರನ್ನೇ ಒತ್ತುತ್ತಾರೆ. ಚಾನೆಲಪ್ಪ ಮಾಡಿದ ಪ್ರಚಾರವೆಲ್ಲ ಆ ಮೂಲ ಹೆಸರನ್ನು ಮೊದಲೇ ಹಿಡಿದು ಕೂತಿರುವವನಿಗೆ ಪುಕ್ಕಟೆ ದಾನ.

ಇಲ್ಲಿ ಅವನದೊಂದು ತಕರಾರಿದೆ. ‘ಜನ ಹ್ಯಾಂಡಲ್ ಎಲ್ಲಿ ನೋಡ್ತಾರೆ ಸಾರ್, ಹೆಸರು ಹುಡುಕ್ತಾರೆ, ಮುಖ ನೋಡಿ ಒತ್ತುತ್ತಾರೆ.’ ಮಾತು ಅರ್ಧ ನಿಜ. ಹುಡುಕಿ ಬರುವವರಿಗೆ ಚಾನೆಲಿನ ಹೆಸರು, ಫೋಟೋ ಸಾಕು. ಆದರೆ ಯೂಟ್ಯೂಬಿನಲ್ಲಿ ಅದೇ ಹೆಸರನ್ನು ಎಷ್ಟು ಚಾನೆಲ್‌ಗಳಾದರೂ ಇಟ್ಟುಕೊಳ್ಳಬಹುದು, ಫೋಟೋವನ್ನು ಯಾರಾದರೂ ಕದಿಯಬಹುದು. ಇಬ್ಬರಿಗೆ ಸಿಗದೇ ಇರುವುದು ಹ್ಯಾಂಡಲ್ ಒಂದೇ. 2022ರಲ್ಲಿ ಅದು ಬಂದದ್ದೇ ಈ ಗೊಂದಲಕ್ಕೆ ಒಂದು ಗುರುತು ಬೇಕಿತ್ತೆಂದು. ಮೋಸಗಾರರಿಗೂ ಇದು ಗೊತ್ತು. ಅವರು ಒಂದಕ್ಷರ ಮಾತ್ರ ಬದಲಿಸಿದ ಹ್ಯಾಂಡಲ್ ಹಿಡಿದು, ಕಮೆಂಟಿನ ಕೆಳಗೆ ‘ನಿಮಗೆ ಬಹುಮಾನ ಬಂದಿದೆ, ಟೆಲಿಗ್ರಾಮಿಗೆ ಬನ್ನಿ’ ಎಂದು ಮಾಲೀಕನ ಫೋಟೋ ಹಾಕಿಕೊಂಡೇ ಉತ್ತರ ಬರೆಯುತ್ತಾರೆ. ಅಲ್ಲಿ ಅಸಲಿ ನಕಲಿ ಹೇಳುವುದು ಹೆಸರಿನ ಕಾಗುಣಿತ. ಹನ್ನೆರಡು ಕಾಗುಣಿತಕ್ಕೆ ಒಗ್ಗುವ ಹೆಸರಿಟ್ಟರೆ ನಕಲಿಯವನದೂ ಸರಿ ಎಂದೇ ಕಾಣುತ್ತದೆ. rn ಜೋಡಿ ಸಣ್ಣ ಪರದೆಯಲ್ಲಿ m ಆಗಿ, ಸೊನ್ನೆ o ಆಗಿ ಕಾಣುವುದು ಇದರ ಮೇಲಿನ ಬಡ್ಡಿ.

‘ಹಾಗಾದರೆ ಕನ್ನಡ ಲಿಪಿಯಲ್ಲೇ ಇಟ್ಟರಾಯಿತಲ್ಲ?’ ಅಭಿಮಾನದ ಪ್ರಶ್ನೆ, ನನಗೂ ಇಷ್ಟವಾದ ಪ್ರಶ್ನೆ. ಚಾನೆಲಿನ ಹೆಸರನ್ನು ಖಂಡಿತ ಕನ್ನಡದಲ್ಲೇ ಬರೆಯಲಿ. ವಿಳಾಸದ ಮಾತು ಬೇರೆ. ವೆಬ್ ವಿಳಾಸದೊಳಗಿನ ಕನ್ನಡವನ್ನು ನಕಲು ಮಾಡಿ ಕಳಿಸಿದಾಗ ಎಷ್ಟೋ ಸಲ ‘ಮ’ ಎಂಬ ಒಂದಕ್ಷರವೇ %E0%B2%AE ಎಂದಾಗಿ ಬೀಳುತ್ತದೆ. ನಾಲ್ಕಕ್ಷರದ ಹೆಸರು ವಾಟ್ಸಾಪಿನಲ್ಲಿ ಎರಡು ಸಾಲಿನ ಮಂತ್ರವಾಗುತ್ತದೆ, ಒತ್ತಲು ಜನ ಹೆದರುತ್ತಾರೆ. ಜೊತೆಗೆ ಇನ್‌ಸ್ಟಾಗ್ರಾಮ್, ಎಕ್ಸ್ ಬಳಕೆದಾರ ಹೆಸರಿಗೆ ಇಂಗ್ಲಿಷ್ ಅಕ್ಷರವನ್ನೇ ಕೇಳುತ್ತವೆ.

ಅಲ್ಲಲ್ಲಿನ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉಳಿಯುವ ಜಾಗ ಎಷ್ಟೆಂದು ತಿಳಿಯುತ್ತದೆ. ಯೂಟ್ಯೂಬ್ 3ರಿಂದ 30 ಅಕ್ಷರ ಕೊಡುತ್ತದೆ, ಎಕ್ಸ್ 15ಕ್ಕೇ ನಿಲ್ಲಿಸುತ್ತದೆ. ಇನ್‌ಸ್ಟಾಗ್ರಾಮಿಗೆ ಚುಕ್ಕಿ ಆಗುತ್ತದೆ, ಹೈಫನ್ ಆಗದು. ಎಕ್ಸಿಗೆ ಚುಕ್ಕಿಯೂ ಆಗದು. ನಾಳೆ ನ್ಯೂಸ್‌ಲೆಟರ್ ಮಾಡಿ ಅದಕ್ಕೊಂದು ಡೊಮೈನ್ ಕೊಳ್ಳಹೋದರೆ ಅಲ್ಲಿ ಅಂಡರ್‌ಸ್ಕೋರ್ ನಡೆಯದು. ಎಲ್ಲ ಕಡೆ ಸಲ್ಲುವುದು ಯಾವ ಚಿಹ್ನೆಯೂ ಇಲ್ಲದ, ಹದಿನೈದು ದಾಟದ ಬರೀ ಅಕ್ಷರ. ಈ ಅಳತೆಗೆ ನಾನು ಚಾನೆಲಪ್ಪನಿಗೆ ಸೂಚಿಸುವುದು ‘ಪಂಪ್ ಕಟ್ಟೆ’, ಅಂದರೆ pumpkatte. ಒಂಬತ್ತು ಅಕ್ಷರ. ಮೊದಲ ಪದದ ಸ್ಪೆಲ್ಲಿಂಗ್ ಅಂಗಡಿ ಬೋರ್ಡುಗಳಲ್ಲೇ ಬಿದ್ದಿದೆ, ಎರಡನೆಯದರಲ್ಲಿ ದೀರ್ಘವಿಲ್ಲ. ‘ಪಂಪ್ ಕತ್ತೆ ಅಂತ ಓದ್ತಾರಲ್ಲ ಸಾರ್!’ ಎಂದು ಅವನ ಮುಖ ಸಣ್ಣದಾಗುತ್ತದೆ. ಓದಲಿ. ಬರಹದಿಂದ ಎರಡು ಉಚ್ಚಾರ ಹುಟ್ಟಿದರೆ ನಾಲ್ಕು ಜನ ನಗುತ್ತಾರೆ, ಅಷ್ಟೆ. ಉಚ್ಚಾರದಿಂದ ಎರಡು ಬರಹ ಹುಟ್ಟಿದರೆ ಗಿರಾಕಿ ತಪ್ಪಿಹೋಗುತ್ತಾನೆ. ‘ಕಟ್ಟೆ’ ಎಂದು ಕೇಳಿಸಿಕೊಂಡವನು h ಸೇರಿಸುವುದಿಲ್ಲ. ತಪ್ಪಿದರೆ ಒಂದು t ಬಿಟ್ಟಾನು. ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ: ಚಿಕ್ಕಮ್ಮನಿಗೆ, ಅಂಗಡಿಯ ಹುಡುಗನಿಗೆ, ಬೀಗರೊಬ್ಬರಿಗೆ ಫೋನಿನಲ್ಲಿ ಒಂದೇ ಸಲ ಹೆಸರು ಹೇಳಿ, ಅಕ್ಷರ ಬಿಡಿಸದೆ, ಟೈಪ್ ಮಾಡಿ ಕಳಿಸಲು ಕೇಳುವುದು.

ಹೆಸರು ಖಾಲಿ ಇದೆಯೇ ಎಂದು ನೋಡಲು ಚಾನೆಲಪ್ಪ youtube.com/@pumpkatte ಎಂದು ಒತ್ತಿ, ಪುಟ ಸಿಗದಿದ್ದರೆ ಕುಣಿಯುತ್ತಾನೆ. ಪುಟ ಇಲ್ಲದ್ದು ಅಮಾನತಾದ ಖಾತೆಯದ್ದೂ ಇರಬಹುದು. ಚಾನೆಲ್ ಸೆಟ್ಟಿಂಗಿನಲ್ಲಿ ಹ್ಯಾಂಡಲ್ ಪೆಟ್ಟಿಗೆಗೆ ತುಂಬಿದಾಗ ಬರುವ ಉತ್ತರವೇ ನಂಬುವಂಥದ್ದು. ಸಿಕ್ಕಿತೆಂದರೆ ಮಿಕ್ಕ ಕಡೆಯೂ ಆಗಲೇ ಹಿಡಿದುಬಿಡಬೇಕು, ಬೋರ್ಡು ಬರೆಸುವುದು ಆಮೇಲೆ. ಬೇಸರ ಬಂದಾಗ ಬದಲಿಸಿದರಾಯಿತು ಎನ್ನುವಂತೆಯೂ ಇಲ್ಲ: ಯೂಟ್ಯೂಬ್ ಹಳೆಯ ಹ್ಯಾಂಡಲನ್ನು 14 ದಿನ ಕಾದಿಡುತ್ತದೆ. ಆಮೇಲೆ ಅದು ಬೇರೆಯವರಿಗೆ ಸಿಗಬಹುದು, ಸ್ಟಾರ್ಟರ್ ಡಬ್ಬಿಗಳ ಮೇಲೆ ಅಂಟಿಸಿದ ಸ್ಟಿಕ್ಕರುಗಳೆಲ್ಲ ಆ ಹೊಸಬನ ಮನೆ ತೋರಿಸುತ್ತವೆ. ಹತ್ತಿರದ ತಪ್ಪೊಂದನ್ನು, ಅಂದರೆ ಒಂದು t ಬಿಟ್ಟ pumpkateಯನ್ನು, ಬೇರೆ ಚಾನೆಲಿನಲ್ಲಿ ಹಿಡಿದಿಟ್ಟು, ವಿವರಣೆಯಲ್ಲಿ ಅಸಲಿಯ ಕೊಂಡಿ ಹಾಕಿದರೆ ಸಾಕು. ಚಾನೆಲಪ್ಪ ಈ ಒಂದು ಸಲಹೆಯನ್ನು ಮಾತ್ರ ಶ್ರದ್ಧೆಯಿಂದ ಪಾಲಿಸುವವನು. ಎರಡು t, ಒಂದು t, ಕೊನೆಗೆ y, ಮುನ್ನೆಚ್ಚರಿಕೆಗೆಂದು h ಇರುವುದೂ ಒಂದು. ಈಗ ಅವನ ಬಳಿ ನಾಲ್ಕು ಚಾನೆಲ್‌ಗಳಿವೆ, ನಾಲ್ಕರಲ್ಲೂ ಲೋಗೋ ತಿರುಗುತ್ತಿದೆ.